ಸ್ಕೂಲ್ ಡೇ ಸುತ್ತೋಲೆ: ಗಂಟೆಯ ಲೆಕ್ಕ, ಗುಂಟೆಯ ಲೆಕ್ಕ

ಡಿಸೆಂಬರ್ ಬಂತೆಂದರೆ ಮಕ್ಕಳ ಕೈಯಲ್ಲಿ ವಾರ್ಷಿಕೋತ್ಸವದ ಸುತ್ತೋಲೆ ಮನೆಗೆ ಬರುತ್ತದೆ. ಅಪ್ಪ ಅಮ್ಮ ಅದರಲ್ಲಿ ಹುಡುಕುವುದು ಎರಡೇ ಸಾಲು: ನಮ್ಮ ಮಗುವಿನ ಡ್ಯಾನ್ಸ್ ಎಷ್ಟು ಹೊತ್ತಿಗೆ, ಗಾಡಿ ಎಲ್ಲಿ ನಿಲ್ಲಿಸಬೇಕು. ಮೊದಲನೆಯದನ್ನು ಬರೆಯುವವರು ಕಾರ್ಯಕ್ರಮ ನೋಡಿಕೊಳ್ಳುವ ಟೀಚರ್, ಎರಡನೆಯದನ್ನು ಹೆಚ್ಚಾಗಿ ಪಿ.ಟಿ. ಮೇಷ್ಟ್ರು. ಇಬ್ಬರೂ ಒಟ್ಟಿಗೆ ಕೂತು ಬರೆಯದಿದ್ದರೆ ಎಡವಟ್ಟು ಖಾತ್ರಿ.

ಬೆಂಗಳೂರಿನ ಯಾವುದೋ ಬಡಾವಣೆಯ ಶಾಲೆ ಅಂದುಕೊಳ್ಳಿ. ಆರಂಭ ಸಂಜೆ 5ಕ್ಕೆ. ಪ್ರಾರ್ಥನೆ, ದೀಪ ಬೆಳಗುವುದು, ವಾರ್ಷಿಕ ವರದಿ, ಅತಿಥಿಗಳ ಮಾತು ಸೇರಿ 40 ನಿಮಿಷ. (ಅತಿಥಿಗಳು ಹೊತ್ತಿಗೆ ಸರಿಯಾಗಿ ಬಂದರೆ!) ಬಹುಮಾನ 60; ಹೆಸರು ಕರೆದು, ಮಗು ಮೆಟ್ಟಿಲು ಹತ್ತಿ, ಫೋಟೋಗೆ ನಿಂತು ಇಳಿಯಲು ತಲಾ 20 ಸೆಕೆಂಡ್ ಎಂದರೂ 20 ನಿಮಿಷ. ನಾಲ್ಕು ನಿಮಿಷದ 20 ನೃತ್ಯಗಳಿಗೆ 80 ನಿಮಿಷ. ಹೀಗೆ ಕೂಡಿಸಿ, 7:20ಕ್ಕೆ ಮುಕ್ತಾಯ ಎಂದು ಅಚ್ಚು ಹಾಕಿಸುತ್ತಾರೆ. ಒಂದು ತಂಡ ಇಳಿದು ಇನ್ನೊಂದು ಹತ್ತುವ ಒಂದೂವರೆ ನಿಮಿಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಪ್ಪತ್ತು ಸಲಕ್ಕೆ ಅದೇ ಅರ್ಧ ಗಂಟೆ. ಹಾಗಾಗಿ ಮುಗಿಯುವುದು 7:50ಕ್ಕೆ. ಅತಿಥಿಗಳು ತಡಮಾಡಿದರೂ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ; ಕಾನೂನು ಅಡ್ಡ ಬರುತ್ತದೆ.

ಇನ್ನು ಪಾರ್ಕಿಂಗ್. ಶಾಲೆಯ ಮೈದಾನದಲ್ಲಿ ವೇದಿಕೆ, ಶಾಮಿಯಾನ. ಗಾಡಿಗಳಿಗೆ ಪಕ್ಕದ 20 ಗುಂಟೆ ಖಾಲಿ ಜಾಗ. ತಿರುಗಿಸುವ ದಾರಿಯೂ ಸೇರಿ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಬೇಕು. ಗುಂಟೆಗೆ ನಾಲ್ಕು ಕಾರು, ಒಟ್ಟು 80. ಬರುವುದು 120 ಆದರೆ ಕಾವಲುಗಾರರು ದಾರಿ ಬಿಡದೆ ಒಂದರ ಹಿಂದೊಂದು ತುಂಬಿಸುತ್ತಾರೆ. ಜಾಗವೇನೋ ಸಾಲುತ್ತದೆ, ಹೊರಡುವುದು ಹೇಗೆ?

ಎಲ್‌ಕೆಜಿ, ಯುಕೆಜಿ ಮಕ್ಕಳ ನೃತ್ಯಗಳು ಮೊದಲೇ ಇರುತ್ತವೆ. ಆರೂವರೆಗೆಲ್ಲ ಮುಗಿದು, ಮಕ್ಕಳು ತೂಕಡಿಸುತ್ತಿರುತ್ತಾರೆ. ಅವರ ಕಾರು ಮೂರನೇ ಸಾಲಿನಲ್ಲಿ ಸಿಕ್ಕಿಬಿದ್ದಿರುತ್ತದೆ. ಆಗ ಶುರು: ಭರತನಾಟ್ಯದ ನಡುವೆಯೇ ಮೈಕಿನಲ್ಲಿ ಬಿಳಿ ಸ್ವಿಫ್ಟ್ ಮಾಲೀಕರಿಗೆ ಕರೆ.

ಇದಕ್ಕೆ ಪರಿಹಾರ ವೇಳಾಪಟ್ಟಿಯಲ್ಲೇ ಇದೆ. ಬೇಗ ಹೊರಡುವ ತರಗತಿಗಳವರಿಗೆ ಹೊರಹೋಗುವ ಗೇಟಿನ ಪಕ್ಕ, ಒಂದೇ ಸಾಲಿನ ಜಾಗ. ಒತ್ತೊತ್ತಾಗಿ ನಿಲ್ಲಿಸುವುದು ಕೊನೆಯ ನೃತ್ಯದವರೆಗೂ ಕೂರಲೇಬೇಕಾದ ದೊಡ್ಡ ತರಗತಿಗಳವರ ಕಾರುಗಳನ್ನು ಮಾತ್ರ. ಸುತ್ತೋಲೆಯ ಜೊತೆ ತರಗತಿಗೊಂದು ಬಣ್ಣದ ಚೀಟಿ ಕೊಟ್ಟು ಗಾಜಿನ ಮೇಲೆ ಇಡಲು ಹೇಳಿದರೆ, ಗೇಟಿನಲ್ಲಿ ವಿಚಾರಿಸುತ್ತ ನಿಲ್ಲುವುದೂ ತಪ್ಪುತ್ತದೆ. ಆ್ಯಂಬುಲೆನ್ಸ್ ಬರುವಷ್ಟು ದಾರಿಯನ್ನು ಮಾತ್ರ ಯಾರಿಗೂ ಕೊಡಬಾರದು. ಎರಡು ಮಕ್ಕಳಿರುವ ಮನೆಯವರು ಯಾವ ಚೀಟಿ ಇಡಬೇಕು ಎಂದು ಖಂಡಿತ ಕೇಳುತ್ತಾರೆ. ದೊಡ್ಡ ಮಗುವಿನದು ಎಂದು ಸುತ್ತೋಲೆಯಲ್ಲೇ ಬರೆದುಬಿಡಬೇಕು.