‘ನೀವು’ ಎಂದು ಶುರುವಾದ ಪತ್ರ

ಫ್ರಾನ್ಸಿನ ಲಿಯಾನ್ ನಗರದಲ್ಲಿ ಒಂದು ಸಣ್ಣ ಚಹಾ ಅಂಗಡಿ ಇದೆ ಎಂದುಕೊಳ್ಳೋಣ. ಒಡತಿ ತಿಂಗಳಿಗೊಮ್ಮೆ ಗಿರಾಕಿಗಳಿಗೆ ಇಮೇಲಿನಲ್ಲಿ ಒಂದು ಸುದ್ದಿಪತ್ರ ಕಳಿಸುತ್ತಾಳೆ. ಫ್ರಾನ್ಸಿನಲ್ಲಿ ಇದನ್ನು ಇಂಗ್ಲಿಷಿನಂತೆಯೇ ನ್ಯೂಸ್‌ಲೆಟರ್ ಅನ್ನುವವರೇ ಹೆಚ್ಚು. ಕೆನಡಾದ ಕೆಬೆಕ್‌ನವರು ಮಾತ್ರ ‘ಆಂಫೋಲೆತ್ರ್’ ಎಂಬ ಅಚ್ಚ ಫ್ರೆಂಚ್ ಪದವನ್ನು ಬಳಕೆಗೆ ತಂದುಕೊಂಡಿದ್ದಾರೆ. ನಮ್ಮ ಒಡತಿ ಈಗ ಸೆಪ್ಟೆಂಬರ್ ಸಂಚಿಕೆ ಬರೆಯಲು ಕೂತಿದ್ದಾಳೆ. ಒಂದು ಪದವೂ ಬರೆಯುವ ಮೊದಲು ಅವಳು ತೀರ್ಮಾನಿಸಬೇಕಾದ್ದು ಒಂದಿದೆ: ಗಿರಾಕಿಯನ್ನು ‘ತ್ಯು’ ಅನ್ನಬೇಕೋ, ‘ವೂ’ ಅನ್ನಬೇಕೋ?

ತ್ಯು ಅಂದರೆ ನೀನು, ವೂ ಅಂದರೆ ನೀವು. ಕನ್ನಡಿಗರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಲೆಕ್ಕವನ್ನು ಹಾಗೇ ಅಲ್ಲಿಗೆ ಒಯ್ಯಲಾಗದು. ಎಷ್ಟೋ ವರ್ಷದ ಖಾಯಂ ಗಿರಾಕಿಯನ್ನು ಹೆಸರು ಹಿಡಿದು ಕರೆಯುತ್ತಲೇ ವೂ ಅನ್ನುವುದು ಫ್ರೆಂಚರಿಗೆ ತೀರಾ ಸಹಜ. ಹೆಸರಿನ ಸಲಿಗೆಯೂ ‘ನೀವು’ವಿನ ಅಂತರವೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಇರುತ್ತವೆ. ಹದಿಹರೆಯದವರಿಗೆ ಬಟ್ಟೆಯನ್ನೋ ಆಟದ ಸಾಮಾನನ್ನೋ ಮಾರುವವರು ತ್ಯು ಬಳಸುವುದುಂಟು. ಚಹಾ ಅಂಗಡಿಗೆ ಮೂವತ್ತರವರೂ ಬರುತ್ತಾರೆ, ಎಪ್ಪತ್ತರವರೂ ಬರುತ್ತಾರೆ. ಹಾಗಾಗಿ ವೂ. ಒಮ್ಮೆ ಆಯ್ದ ಮೇಲೆ ಪತ್ರದ ತುದಿಯವರೆಗೂ ಅದೇ.

ಇನ್ನು ಸಂಬೋಧನೆ. ‘ಬೋಂಜೂರ್ ಕ್ಲೇರ್’ ಎಂದು ಬರೆದು ಅಲ್ಪವಿರಾಮ ಹಾಕಿ, ಮುಂದಿನ ಸಾಲಿಗೆ ಹೋದರೆ ಸಾಕು. ಅದು ನಮಸ್ಕಾರವೂ ಹೌದು, ಹೆಸರು ಕರೆದದ್ದೂ ಹೌದು. ಗಿರಾಕಿಗಳ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ‘ಶೇರ್ ಕ್ಲಿಯಾಂತ್, ಶೇರ್ ಕ್ಲಿಯಾಂ’, ಅಂದರೆ ಪ್ರಿಯ ಗ್ರಾಹಕಿ, ಪ್ರಿಯ ಗ್ರಾಹಕ, ಎಂದು ಎರಡೂ ಲಿಂಗಗಳನ್ನು ಪೂರ್ತಿ ಬರೆಯುತ್ತಾರೆ. ಜಾಗ ಉಳಿಸಲೆಂದು ಸ್ತ್ರೀಲಿಂಗದ ಪ್ರತ್ಯಯವನ್ನು ಕಂಸದೊಳಗೆ ತುರುಕಿದರೆ ಪತ್ರ ಹೋಗಿ ಸರ್ಕಾರಿ ಅರ್ಜಿಯಾಗುತ್ತದೆ. ಎಡವುವುದು ಹೆಚ್ಚಾಗಿ ಹೆಸರಿನಲ್ಲೇ. ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿ ಇದ್ದವರಿಗೆ ಬೋಂಜೂರ್ ಆದ ಮೇಲೆ ಬರೀ ಅಲ್ಪವಿರಾಮ ನೇತಾಡುವ ಪತ್ರ ಹೋಗುತ್ತದೆ. ಅದಕ್ಕೇ ಕಳಿಸುವ ಮುಂಚೆ ಹೆಸರಿಲ್ಲದ ಒಂದು ವಿಳಾಸಕ್ಕೆ ಪರೀಕ್ಷೆಯ ಪ್ರತಿ ಕಳಿಸಿ ನೋಡಬೇಕು.

ಮೊದಲ ಸಾಲಿನಲ್ಲಿ ಎರಡು ಹೊಂಡಗಳಿವೆ. ಒಂದು, ‘ನಿಮಗೆ ತಿಳಿಸಲು ನಮಗೆ ಸಂತೋಷವಾಗುತ್ತಿದೆ’ ಎಂಬ ಮಾತು. ಫ್ರೆಂಚಿನಲ್ಲಿ ಇದು ಸವೆದು ಹೋಗಿದೆ. ಅಲ್ಲದೆ ‘ನಾವು’ ಎಂದು ಶುರುವಾದ ಪತ್ರ ಅಂಗಡಿಯವರ ಬಗ್ಗೆಯೇ ಇರುತ್ತದೆಂದು ಓದುಗ ಊಹಿಸಿಬಿಡುತ್ತಾನೆ. ಇನ್ನೊಂದು, ‘ಈ ಪತ್ರ ತಲುಪುವಾಗ ನೀವು ಚೆನ್ನಾಗಿದ್ದೀರೆಂದು ನಂಬಿದ್ದೇನೆ’ ಎಂಬ ಇಂಗ್ಲಿಷ್ ವಾಡಿಕೆಯ ಪದಶಃ ಅನುವಾದ. ಹಳೆಯ ಕನ್ನಡ ಕಾಗದಗಳ ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ನಮಗೆ ಒಗ್ಗಿದ್ದೇ. ಫ್ರೆಂಚ್ ಕಿವಿಗೆ ಮಾತ್ರ ಈ ಸಾಲು ಬೇರೆ ಭಾಷೆಯಿಂದ ಎತ್ತಿ ತಂದದ್ದೆಂದು ಥಟ್ಟನೆ ಗೊತ್ತಾಗುತ್ತದೆ.

ಹಾಗಾದರೆ ಏನು ಬರೆಯಬೇಕು? ತಿಂಗಳೇ ಅದನ್ನು ಹೇಳಿಕೊಡುತ್ತದೆ. ಸೆಪ್ಟೆಂಬರ್ ಅಂದರೆ ಫ್ರಾನ್ಸಿಗೆ ‘ರಾಂತ್ರೇ’. ಆಗಸ್ಟಿನ ರಜೆ ಮುಗಿಸಿ ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಮರಳುವ ಹೊತ್ತು. ವರ್ಷ ಮತ್ತೊಮ್ಮೆ ಶುರುವಾದಂತೆ. ನಮ್ಮ ಒಡತಿ ಹೀಗೆ ಬರೆಯುತ್ತಾಳೆ: ‘ಲೆ ಕಾರ್ತಾಬ್ಲ್ ಸೋಂ ಪ್ರೆ, ಲಾ ಬುಯ್ವಾರ್ ಒಸ್ಸಿ.’ ಶಾಲೆಯ ಚೀಲಗಳು ಸಿದ್ಧ, ನೀರು ಕಾಯಿಸುವ ಕೆಟಲ್ಲೂ ಸಿದ್ಧ. ಗಿರಾಕಿಯ ಮನೆಯಿಂದ ಹೊರಟ ವಾಕ್ಯ ಅಂಗಡಿಯ ಸರಕಿಗೆ ಬಂದು ನಿಂತಿತು. ಜನವರಿ ಸಂಚಿಕೆಯಾಗಿದ್ದರೆ ಈ ಜಾಗದಲ್ಲಿ ಹೊಸ ವರ್ಷದ ಹಾರೈಕೆ ಇರುತ್ತಿತ್ತು. ಅಲ್ಲಿ ತಿಂಗಳ ಕೊನೆಯ ದಿನದವರೆಗೂ ಹಾರೈಸುವುದು ರೂಢಿ.

ಮೂರ್ನಾಲ್ಕು ವಾಕ್ಯದ ಈ ಮುನ್ನುಡಿಗೆ ‘ಎದಿತೊ’ ಎಂದು ಹೆಸರು. ಇದರಲ್ಲಿ ‘ನಾನು’ ಅಂದರೆ ಒಡತಿ. ಆಮೇಲೆ ಮೂರು ಅಂಕಣಗಳು ಸಾಕು: ತಿಂಗಳ ಚಹಾ, ಒಂದು ಸಲಹೆ, ಮತ್ತು ದಿನಚರಿ. ಶೀರ್ಷಿಕೆಗಳು ತಿಂಗಳಿಂದ ತಿಂಗಳಿಗೆ ಬದಲಾಗುವುದಿಲ್ಲ, ಒಳಗಿನ ವಿಷಯ ಬದಲಾಗುತ್ತದೆ. ಖಾಯಂ ಓದುಗರು ತಮಗೆ ಬೇಕಾದ ಮೂಲೆಗೆ ನೇರ ಹೋಗುತ್ತಾರೆ.

ಅಂಕಣಗಳಲ್ಲಿ ಮಾತಿನ ಧಾಟಿ ನಯವಾಗಿ ಹೊರಳುವುದನ್ನು ಗಮನಿಸಬೇಕು. ತಿಂಗಳ ಚಹಾ ಪರಿಚಯಿಸುವಾಗ ‘ನಿಮಗೆ ಹೂವಿನ ಘಮ ಸಿಗುತ್ತದೆ’ ಎಂದು ವೂ ಬರುತ್ತದೆ. ಸಲಹೆಯ ಅಂಕಣದಲ್ಲಿ ನಾನೂ ಇಲ್ಲ, ನೀವೂ ಇಲ್ಲ: ‘ನೀರನ್ನು 75 ಡಿಗ್ರಿಗೆ ಕಾಯಿಸುವುದು, 2 ನಿಮಿಷ ನೆನೆಸಿಡುವುದು.’ ಫ್ರೆಂಚ್ ಅಡುಗೆ ಪುಸ್ತಕಗಳಲ್ಲಿ ಕ್ರಿಯಾಪದದ ಈ ಮೂಲರೂಪವೇ ಹೆಚ್ಚು. ಯಾರಿಗೂ ಆಜ್ಞೆ ಮಾಡಿದಂತೆ ಆಗುವುದಿಲ್ಲ. ದಿನಚರಿಯಲ್ಲಿ ಶನಿವಾರದ ಚಹಾ ರುಚಿ ನೋಡುವ ಕೂಟ; ಅದರ ಕೆಳಗೆ ಒಂದು ಗುಂಡಿ: ‘ಜ್ ರೆಸೆರ್ವ್ ಮಾ ಪ್ಲಾಸ್’, ನಾನು ನನ್ನ ಜಾಗ ಕಾಯ್ದಿರಿಸುತ್ತೇನೆ. ಇಲ್ಲಿ ‘ನಾನು’ ಅಂದರೆ ಗಿರಾಕಿ! ಎದಿತೊದಲ್ಲಿ ಒಡತಿಯದಾಗಿದ್ದ ‘ನಾನು’ ಗುಂಡಿಯ ಮೇಲೆ ಓದುಗರದಾಗುತ್ತದೆ. ಫ್ರೆಂಚ್ ಸುದ್ದಿಪತ್ರಗಳಲ್ಲಿ ಇದು ಎಲ್ಲರಿಗೂ ಪರಿಚಿತ. ‘ನಿಮ್ಮ ಜಾಗ ಕಾಯ್ದಿರಿಸಿ’ ಎಂದರೂ ತಪ್ಪಲ್ಲ. ಎರಡನ್ನೂ ಬೆರೆಸಿ ‘ನಾನು ನಿಮ್ಮ ಜಾಗ ಕಾಯ್ದಿರಿಸುತ್ತೇನೆ’ ಎಂದು ಬರೆದರೆ ಯಾರು ಯಾರಿಗೆ ಹೇಳುತ್ತಿದ್ದಾರೆಂದೇ ತಿಳಿಯುವುದಿಲ್ಲ.

ಬೆಲೆ ಬರೆಯುವಲ್ಲಿ ಕಾನೂನು ಕೂಡ ಪದ ಆರಿಸುತ್ತದೆ. ‘ಸೋಲ್ಡ್’ ಎಂಬ ಫ್ರೆಂಚ್ ಪದವನ್ನು ರಿಯಾಯಿತಿ ಕೊಟ್ಟಾಗಲೆಲ್ಲ ಬಳಸುವಂತಿಲ್ಲ. ಚಳಿಗಾಲ ಮತ್ತು ಬೇಸಿಗೆಯಲ್ಲಿ ತಲಾ ನಾಲ್ಕು ವಾರ, ನಿಗದಿಯಾದ ದಿನಗಳಲ್ಲಷ್ಟೇ ಅದಕ್ಕೆ ಅವಕಾಶ. ಸೆಪ್ಟೆಂಬರಿನಲ್ಲಿ ನಮ್ಮ ಒಡತಿ ‘ಕೊಡುಗೆ’ ಎನ್ನಬಹುದೇ ಹೊರತು ಸೋಲ್ಡ್ ಎನ್ನುವಂತಿಲ್ಲ. ಅಚ್ಚಿನ ಚಿಕ್ಕ ರೂಢಿಗಳೂ ಇವೆ. ಬೆಲೆಯನ್ನು 12,90 € ಎಂದು ಅಲ್ಪವಿರಾಮ ಹಾಕಿ, ಯೂರೋ ಚಿಹ್ನೆ ಕೊನೆಗೆ ಬರುವಂತೆ ಬರೆಯಬೇಕು. ಫ್ರಾನ್ಸಿನಲ್ಲಿ ಪ್ರಶ್ನಾರ್ಥಕ, ಆಶ್ಚರ್ಯ ಚಿಹ್ನೆಗಳ ಮುಂಚೆ ಸ್ವಲ್ಪ ಜಾಗ ಬಿಡುತ್ತಾರೆ. ಆ ಜಾಗ ಸಾಲು ಮುರಿಯದ ಬಗೆಯದ್ದಾಗಿರಬೇಕು. ಇಲ್ಲದಿದ್ದರೆ ಮೊಬೈಲಿನಲ್ಲಿ ಆಶ್ಚರ್ಯ ಚಿಹ್ನೆಯೊಂದೇ ಕೆಳಗಿನ ಸಾಲಿಗೆ ಬಿದ್ದು ಒಂಟಿಯಾಗಿ ನಿಂತಿರುತ್ತದೆ.

ಈಗ ವಿದಾಯ. ಫ್ರೆಂಚ್ ಕಚೇರಿ ಪತ್ರಗಳ ಕೊನೆಗೆ ‘ವೊಯೇ ಆಗ್ರೆಯೇ’ ಎಂದು ತೊಡಗುವ ಉದ್ದನೆಯ ಗೌರವವಾಕ್ಯವೊಂದಿದೆ, ನಮ್ಮ ‘ಇಂತಿ ತಮ್ಮ ವಿಧೇಯ’ನಿಗಿಂತ ಗತ್ತಿನದು. ಬ್ಯಾಂಕಿಗೆ ಬರೆಯುವಾಗ ಅದು ಸರಿ. ಬೋಂಜೂರ್ ಕ್ಲೇರ್ ಎಂದು ಶುರುವಾದ ಪತ್ರಕ್ಕೆ ಹೊಂದದು. ‘ಮುತ್ತುಗಳು’ ಎನ್ನುವುದು ಗೆಳೆಯರ ನಡುವಿನ ಮಾತು. ಎರಡರ ಮಧ್ಯೆ ನಿಲ್ಲುವುದು ‘ಆ ಬ್ಯಾಂತೋ’, ಬೇಗ ಸಿಗೋಣ. ಅದರ ಹಿಂದೆ ‘ಬೆಲ್ ರಾಂತ್ರೇ’ ಎಂಬ ಹಾರೈಕೆ ಸೇರಿದರೆ ಮೊದಲ ಸಾಲಿನ ಶಾಲಾಚೀಲ ಮತ್ತೆ ನೆನಪಾಗುತ್ತದೆ. ಕೆಳಗೆ ಒಡತಿಯ ಹೆಸರು, ‘ಮತ್ತು ಅಂಗಡಿಯ ಬಳಗ’.

ಸಹಿಯ ಕೆಳಗೂ ಪತ್ರ ಮುಗಿದಿರುವುದಿಲ್ಲ. ಇನ್ನು ಪತ್ರ ಬೇಡ ಎನ್ನುವವರಿಗೆ ಸುಲಭದ ಕೊಂಡಿ ಇರಲೇಬೇಕೆಂಬುದು ಕಾನೂನು. ಅದನ್ನು ಒತ್ತಿದಾಗ ತೆರೆಯುವ ಪುಟ ಒಡತಿ ಬರೆದದ್ದಲ್ಲ, ಇಮೇಲ್ ಸೇವೆಯವರು ಸಿದ್ಧಪಡಿಸಿಟ್ಟದ್ದು. ಇಂಗ್ಲಿಷಿನ ‘ಯು’ವಿಗೆ ನೀನೂ ಒಂದೇ, ನೀವೂ ಒಂದೇ, ಹಾಗಾಗಿ ಅನುವಾದವಾಗಿ ಬಂದ ಇಂಥ ಪುಟಗಳಲ್ಲಿ ತ್ಯು ನುಸುಳಿಕೊಂಡಿರಬಹುದು. ಒಡತಿ ಪತ್ರ ಕಳಿಸುವ ಮುಂಚೆ ಆ ಕೊಂಡಿಯನ್ನೂ ಒತ್ತಿ ನೋಡುತ್ತಾಳೆ. ಬಾಗಿಲಲ್ಲಿ ‘ಬನ್ನಿ’ ಎಂದವಳು, ಎದ್ದು ಹೊರಟವರಿಗೆ ‘ಹೋಗು’ ಅನ್ನಬಾರದಲ್ಲ.