ಹೋಟೆಲು ಮತ್ತೆ ತೆರೆದಾಗ: ಮೂವತ್ತು ಸೆಕೆಂಡಿನ ಜಾಹೀರಾತು

ನವೀಕರಣಕ್ಕೆಂದು ಮುಚ್ಚಿದ್ದ ಹೋಟೆಲು ಮತ್ತೆ ತೆರೆಯುವಾಗ ಮಾಡುವ ಕಿರು ವಿಡಿಯೊ ಮುಖ್ಯವಾಗಿ ಹಳೆಯ ಗಿರಾಕಿಗಳಿಗಾಗಿ. ಹೊಸ ಗೋಡೆ, ಹೊಸ ದೀಪಗಳಿಗಿಂತ ಅವರಿಗೆ ಬೇಕಾದ ಉತ್ತರ ಒಂದೇ: ರುಚಿ ಹಾಗೇ ಇದೆಯೆ? ಈ ಪ್ರಶ್ನೆಯನ್ನು ಮರೆತು ಒಳಾಂಗಣವನ್ನಷ್ಟೇ ತೋರಿಸಿದರೆ, ಜಾಹೀರಾತು ಕಟ್ಟಡದ್ದಾಗುತ್ತದೆಯೇ ಹೊರತು ಹೋಟೆಲಿನದಾಗುವುದಿಲ್ಲ.

ಸ್ಕ್ರಿಪ್ಟನ್ನು ಎರಡು ಕಾಲಮ್ಮಿನಲ್ಲಿ ಬರೆಯುವುದು ರೂಢಿ. ಎಡಗಡೆ ದೃಶ್ಯ, ಬಲಗಡೆ ಧ್ವನಿ. ಕನ್ನಡದ ಪದಗಳು ವಿಭಕ್ತಿ, ಪ್ರತ್ಯಯ ಸೇರಿ ಉದ್ದವಾಗುವುದರಿಂದ 30 ಸೆಕೆಂಡಿಗೆ ಸುಮಾರು 40 ಪದ ಸಾಕು. ಅದಕ್ಕಿಂತ ಹೆಚ್ಚಾದರೆ ಓದುವವರು ಓಡಬೇಕಾಗುತ್ತದೆ, ದನಿಯ ಆಪ್ತತೆ ಹೋಗುತ್ತದೆ.

ಮೂರು ತಿಂಗಳು ಮುಚ್ಚಿದ್ದ ಒಂದು ದೋಸೆ ಹೋಟೆಲನ್ನು ಊಹಿಸಿಕೊಂಡರೆ ಸ್ಕ್ರಿಪ್ಟ್ ಹೀಗಿರಬಹುದು.

0–4 ಸೆಕೆಂಡು: ಕಾದ ಕಾವಲಿಯ ಮೇಲೆ ಹಿಟ್ಟು ಬೀಳುತ್ತದೆ. ಮಾತಿಲ್ಲ, ಚುಂಯ್ ಎನ್ನುವ ಸದ್ದು ಮಾತ್ರ.

4–10: ಅರ್ಧ ತೆರೆದ ಶಟರ್, ಒಳಗೆ ಬೆಳಕು. ಧ್ವನಿ: "ಮೂರು ತಿಂಗಳು ಬಾಗಿಲು ಹಾಕಿತ್ತು. ದಿನಾ ಬರೋ ನೀವು ನೆನಪಾಗ್ತಾನೇ ಇದ್ರಿ."

10–17: ಹೊಸ ಮಹಡಿ, ಅಗಲವಾದ ಮೇಜುಗಳು. ಧ್ವನಿ: "ಗೋಡೆ ಹೊಸದು, ನೆಲ ಹೊಸದು. ಮನೆಯವರೆಲ್ಲ ಕೂತು ಉಣ್ಣೋಕೆ ಮಹಡಿ ಮೇಲೆ ಜಾಗ ಆಗಿದೆ."

17–24: ಹಳೆಯ ಅಡುಗೆಯವರ ಕೈ, ದೋಸೆ ಮಗುಚುತ್ತದೆ. ಧ್ವನಿ: "ಹಿಟ್ಟು ರುಬ್ಬೋರು ಅವರೇ. ಕಾವಲಿ ಅದೇ. ಚಟ್ನಿ ಅದೇ."

24–30: ಬೋರ್ಡು, ತೆರೆಯುವ ದಿನ, ವಿಳಾಸ. ಧ್ವನಿ: "ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆಗೀತೀವಿ. ಬನ್ನಿ, ಕಾಫಿ ಕುಡಿಯೋಣ."

ಇಲ್ಲಿ ಹೊಸತನ್ನು ಮೊದಲು ಹೇಳಿ, ಬದಲಾಗದ್ದನ್ನು ಆಮೇಲೆ ಹೇಳಲಾಗಿದೆ. ಕೊನೆಗೆ ಕೇಳಿದ ಭರವಸೆ ಗಿರಾಕಿಯ ಮನಸ್ಸಿನಲ್ಲಿ ಉಳಿಯಲಿ ಎಂಬುದು ಇದರ ಲೆಕ್ಕ. ಆದರೆ ಅಡುಗೆಯವರು ನಿಜವಾಗಿ ಬದಲಾಗಿದ್ದರೆ ಆ ಸಾಲು ಇರಕೂಡದು. ಮೊದಲ ತುತ್ತಿಗೇ ಸುಳ್ಳು ಬಯಲಾಗುತ್ತದೆ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ.

ಧ್ವನಿ ಆಪ್ತವಾಗಿರಬೇಕಾದರೆ ಬರಹದ ಭಾಷೆ ಬಿಟ್ಟು ಆಯಾ ಊರಿನ ಆಡುಮಾತಿಗೆ ಬರಬೇಕು. ಓದುವವರು ಮೈಕಿಗೆ ಹತ್ತಿರ ಕೂತು, ಎದುರಿಗಿರುವ ಒಬ್ಬರಿಗೆ ಹೇಳುವಂತೆ ಮೆಲ್ಲಗೆ ಹೇಳಬೇಕು. "ಭವ್ಯ ಪುನರಾರಂಭ" ಎಂಬಂಥ ಮಾತು ಬಂದರೆ ಅದು ಮೆರವಣಿಗೆಯ ಮೈಕಿನ ಘೋಷಣೆಯಂತೆ ಕೇಳಿಸುತ್ತದೆ. ಮಾತು ಬಂದಾಗ ಸಂಗೀತದ ಸದ್ದು ತಗ್ಗಬೇಕು. ಸಿನಿಮಾ ಹಾಡು ಬಳಸುವುದಾದರೆ ಹಕ್ಕುದಾರರ ಅನುಮತಿ ಬೇಕು.

ಫೋನಿನಲ್ಲಿ ಸದ್ದು ಆರಿಸಿ ನೋಡುವವರಿಗಾಗಿ ಮಾತುಗಳು ಪರದೆಯ ಮೇಲೆ ಅಕ್ಷರದಲ್ಲೂ ಇರಬೇಕು. ತೀರ ಕೆಳಗೆ ಹಾಕಿದರೆ ಆ್ಯಪಿನ ಬಟನ್‌ಗಳ ಹಿಂದೆ ಮುಚ್ಚಿಹೋಗುತ್ತವೆ. ಸ್ಕ್ರಿಪ್ಟ್ ಸರಿಯಿದೆಯೇ ಎಂದು ತಿಳಿಯಲು ವಿಡಿಯೊವನ್ನು ಒಮ್ಮೆ ಸದ್ದಿಲ್ಲದೆ ನೋಡಬೇಕು, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಬೇಕು. ಎರಡು ಸಲವೂ ಎಲ್ಲಿ, ಯಾವತ್ತು ಎಂಬುದು ತಿಳಿಯದಿದ್ದರೆ ಮತ್ತೆ ಬರೆಯಬೇಕು.