ಎಪ್ಪತ್ತು ವರ್ಷದ ಶರೀಫರು, ಎರಡು ಗಂಟೆಯ ಸಿನಿಮಾ

ಸಂತ ಶಿಶುನಾಳ ಶರೀಫರ ಬಗ್ಗೆ ನಮ್ಮ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಸಿನಿಮಾದಲ್ಲಿ ಕಂಡ ಶರೀಫರ ಕಥೆಯನ್ನೇ. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಬಂದದ್ದು 1990ರಲ್ಲಿ. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಸಿ. ಅಶ್ವಥ್ ಅವರದ್ದು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು. ಒಬ್ಬ ನಿಜ ಮನುಷ್ಯನ ಬದುಕನ್ನು ಇಷ್ಟು ಸಣ್ಣ ಹೊತ್ತಿನಲ್ಲಿ ಹೇಳುವಾಗ ಸತ್ಯಕ್ಕೆ ಅನ್ಯಾಯ ಆಗದಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಶರೀಫರಿಗಿಂತ ಒಳ್ಳೆಯ ಉದಾಹರಣೆ ನಮಗೆ ಕಾಣುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದರು, 1889ರಲ್ಲಿ ತೀರಿಕೊಂಡರು. ಎಪ್ಪತ್ತು ವರ್ಷ. ಎರಡು ಗಂಟೆ ಎಂದರೆ 120 ನಿಮಿಷ. ಐದೈದು ನಿಮಿಷದ ಎಂಟು ಹಾಡು ಹಾಕಿದರೆ 40 ನಿಮಿಷ ಅಲ್ಲಿಗೇ ಹೋಯಿತು. ಉಳಿದ 80 ನಿಮಿಷದಲ್ಲಿ ಒಂದೊಂದು ವರ್ಷದ ಪಾಲಿಗೆ ಬರುವುದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ದೃಶ್ಯಗಳ ಲೆಕ್ಕದಲ್ಲಿ ಮೂವತ್ತರ ಆಸುಪಾಸು. ಹಾಗಾಗಿ ಕತ್ತರಿ ಹಾಕದೆ ಗತಿಯೇ ಇಲ್ಲ. ಬಿಟ್ಟದ್ದನ್ನೇ ತಪ್ಪು ಎನ್ನುವುದು ಸರಿಯಲ್ಲ. ಯಾವುದನ್ನು ಬಿಟ್ಟರು, ಬಿಟ್ಟದ್ದರಿಂದ ಮನುಷ್ಯನೇ ಬೇರೆ ಆದನೋ ಎಂದು ನೋಡಬೇಕು.

ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಸುತ್ತಲಿನ ಹಳ್ಳಿಗಳಲ್ಲಿ ಮಾಸ್ತರರಾಗಿದ್ದರು. ಅವರು ಕಲಿಸಿದ ಶಾಲೆಗಳನ್ನೆಲ್ಲ ಒಂದೇ ಶಾಲೆ ಮಾಡಿ ತೋರಿಸಿದರೆ ಯಾರಿಗೂ ನಷ್ಟವಿಲ್ಲ. ಅವರು ಮಾಸ್ತರರು ಎಂಬ ಸತ್ಯ ಹಾಗೆಯೇ ಉಳಿಯುತ್ತದೆ. ಆದರೆ ಇನ್ನೊಂದು ಜಾಗದಲ್ಲಿ ಕತ್ತರಿ ಹುಷಾರಾಗಿ ಆಡಬೇಕು. ಕಳಸದ ಗೋವಿಂದ ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರು ಎಂಬ ಕಥೆ ಪ್ರಸಿದ್ಧ. ಶರೀಫರ ತಂದೆತಾಯಿ ಮಗುವಿಗಾಗಿ ಹುಲಗೂರಿನ ಖಾದರ್ ಶಾ ವಲಿಯವರಿಗೆ ಹರಕೆ ಹೊತ್ತಿದ್ದರು ಎಂಬುದೂ ಅದೇ ಊರಿನವರು ಹೇಳುವ ಕಥೆ. ಸಮಯ ಸಾಲದೆಂದು ಜನಿವಾರ ಇಟ್ಟುಕೊಂಡು ಹುಲಗೂರನ್ನು ಬಿಟ್ಟರೆ, ತೋರಿಸಿದ್ದು ಒಂದೂ ಸುಳ್ಳಲ್ಲ, ಆದರೂ ಒಟ್ಟು ಚಿತ್ರ ಸುಳ್ಳಾಗುತ್ತದೆ. ಹುಲಗೂರು ಇಟ್ಟುಕೊಂಡು ಗುರುವನ್ನು ಮರೆಮಾಡಿದರೂ ಅಷ್ಟೇ. ಎರಡಕ್ಕೂ ಎರಡೆರಡು ನಿಮಿಷ ಕೊಡುವುದೇ ನ್ಯಾಯ.

ಇನ್ನೊಂದು ಅಪಾಯ ಕಣ್ಣಿಗೆ ಬೇಗ ಬೀಳುವುದಿಲ್ಲ. ಶರೀಫರ ಪದಗಳು ಬಾಯಿಂದ ಬಾಯಿಗೆ ಉಳಿದು ಬಂದವು. ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು ಕಡೆಯ ಭಜನೆಯವರು ಹಾಡುತ್ತಾ ಉಳಿಸಿದರು, ಪುಸ್ತಕಕ್ಕೆ ಬಂದದ್ದು ಆಮೇಲೆ. ಹೆಚ್ಚಿನ ಪದಗಳಿಗೆ ತಾರೀಕು ಇಲ್ಲ. ಸಿನಿಮಾದವರಿಗೆ ಹಾಡನ್ನು ಎಲ್ಲಾದರೂ ಇಡಲೇಬೇಕು. ಪತ್ನಿ ಫಾತಿಮಾ ತೀರಿಹೋದ ದೃಶ್ಯದ ಬೆನ್ನಿಗೇ ಒಂದು ವೈರಾಗ್ಯದ ಪದ ಇಟ್ಟರೆ, ಈ ದುಃಖದಿಂದಲೇ ಆ ಪದ ಹುಟ್ಟಿತು ಎಂದು ನೋಡುವವರು ನಂಬಿಬಿಡುತ್ತಾರೆ. ಯಾರೂ ಹಾಗೆ ಹೇಳಿರುವುದಿಲ್ಲ, ಎರಡು ದೃಶ್ಯ ಪಕ್ಕಪಕ್ಕ ಕೂತದ್ದಷ್ಟೇ. ಪದದ ಕಾಲ ಗೊತ್ತಿಲ್ಲದಿದ್ದರೆ ಅದನ್ನು ದಾರಿ ನಡೆಯುವಾಗಲೋ ಜನರ ನಡುವೆ ಕೂತಾಗಲೋ ಹಾಡಿಸಬಹುದು. ಆಗ ಹಾಡೂ ಉಳಿಯುತ್ತದೆ, ಇಲ್ಲದ ಕಾರಣವೂ ಹುಟ್ಟುವುದಿಲ್ಲ.

ಮಾತಿನ ವಿಷಯವೂ ಇದೆ. ಗುರುಶಿಷ್ಯರು ಆಡಿದ ಮಾತನ್ನು ಆಗ ಯಾರೂ ಬರೆದಿಡಲಿಲ್ಲ. ಸಂಭಾಷಣೆ ಬರೆಯುವವರು ಕಲ್ಪಿಸಲೇಬೇಕು, ಅದಕ್ಕೆ ಆಕ್ಷೇಪವಿಲ್ಲ. ಆದರೆ ಶರೀಫರು ತಮ್ಮ ಪದಗಳಲ್ಲಿ ಎಲ್ಲೂ ಹೇಳದ ನಿಲುವನ್ನು, ಅದರಲ್ಲೂ ಧರ್ಮದ ವಿಷಯದಲ್ಲಿ, ಅವರ ಬಾಯಿಗೆ ತುರುಕಬಾರದು.

ಹದೀಸ್ ಕಲಿಯುವವರು ಮಾತಿನ ಜೊತೆಗೆ ಅದನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನೂ ನೋಡುತ್ತಾರೆ. ಬಲವಾದದ್ದು, ದುರ್ಬಲವಾದದ್ದು ಎಂದು ಬೇರೆ ಮಾಡುತ್ತಾರೆ. ಜೀವನಚಿತ್ರ ನೋಡುವಾಗಲೂ ಆ ಅಭ್ಯಾಸ ಕೆಲಸಕ್ಕೆ ಬರುತ್ತದೆ. ಶರೀಫರ ಊರು, ಗುರು, ಮಾಸ್ತರಿಕೆ, ಪದಗಳು ಒಂದು ಕಡೆ. ಜನಿವಾರ, ಹರಕೆ, ಹುಟ್ಟಿದ ದಿನವೂ ತೀರಿದ ದಿನವೂ ಜುಲೈ 3 ಎಂಬ ನಂಬಿಕೆ ಇನ್ನೊಂದು ಕಡೆ. ಒಳ್ಳೆಯ ಸಿನಿಮಾ ಎರಡನೆಯದನ್ನು ಬಿಡಬೇಕಿಲ್ಲ. ಕಟ್ಟೆಯ ಮೇಲೆ ಕೂತ ಒಬ್ಬ ಹಿರಿಯನ ಬಾಯಲ್ಲಿ ‘ಹಿಂಗಂತಾರಪ್ಪ’ ಅನ್ನಿಸಿದರೆ ಸಾಕು. ಕಥೆ ಕಥೆಯಾಗಿಯೇ ಉಳಿಯುತ್ತದೆ, ಖರ್ಚಾಗುವುದು ಹತ್ತು ಸೆಕೆಂಡು.